55 ನಿರಾಕರಣ ಸಂದೇಶಗಳನ್ನು ಮತ್ತೆ ಬರೆದ ಅನುಭವ

ಲೆಕ್ಕಪತ್ರ ಸಹಾಯಕ ಹುದ್ದೆಯೊಂದಕ್ಕೆ 58 ಅರ್ಜಿಗಳು ಬಂದಿದ್ದವು. ಒಬ್ಬರು ಆಯ್ಕೆಯಾದರು, ಇಬ್ಬರನ್ನು ಕಾಯ್ದಿರಿಸಿದ ಪಟ್ಟಿಯಲ್ಲಿಟ್ಟೆವು, ಉಳಿದ 55 ಮಂದಿಗೆ ಆಯ್ಕೆಯಾಗಿಲ್ಲವೆಂದು ತಿಳಿಸಬೇಕಿತ್ತು. ಸಂದರ್ಶನ ಸಮಿತಿಯ ಮೂವರು ತಮ್ಮ ತಮ್ಮ ಪಾಲಿನ ಅರ್ಜಿದಾರರಿಗೆ ಸಂದೇಶಗಳ ಕರಡು ಬರೆದಿದ್ದರು. ಅವುಗಳನ್ನು ಒಮ್ಮೆ ನೋಡಿ ಕಳುಹಿಸುವ ಹೊಣೆ ನನ್ನದಾಗಿತ್ತು. ಕಾಗುಣಿತ ತಿದ್ದಿದರೆ ಸಾಕೆಂದುಕೊಂಡು ಕುಳಿತವಳು, ಮೊದಲ ಹತ್ತು ಕರಡುಗಳನ್ನು ಓದಿದ ಮೇಲೆ ಎಲ್ಲವನ್ನೂ ಹೊಸದಾಗಿ ಬರೆಯುವುದೇ ಸರಿಯೆಂದು ತೀರ್ಮಾನಿಸಿದೆ.

ಬರೆದವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಆತ್ಮೀಯವಾಗಿರಲಿ ಎಂಬ ಕಾಳಜಿಯಿಂದಲೇ ಅವರು ಆಡುಮಾತಿನಲ್ಲಿ ಬರೆದಿದ್ದರು. ಅವುಗಳಲ್ಲೊಂದು ಹೀಗಿತ್ತು: "ಹಾಯ್, ಇಂಟರ್‌ವ್ಯೂ ಚೆನ್ನಾಗೇ ಆಯ್ತು, ಆದ್ರೆ ಈ ಸಲ ಆಗ್ಲಿಲ್ಲ. ಬೇಜಾರ್ ಮಾಡ್ಕೋಬೇಡಿ, ಮುಂದೆ ಏನಾದ್ರೂ ಇದ್ರೆ ಖಂಡಿತ ಹೇಳ್ತೀವಿ!" ಎದುರಿಗೆ ಕುಳಿತು ನಗುಮುಖದಿಂದ ಹೇಳಿದ್ದರೆ ಈ ಮಾತು ನೋಯಿಸುತ್ತಿರಲಿಲ್ಲವೇನೋ. ಆದರೆ ಪರದೆಯ ಮೇಲೆ ಒಬ್ಬರೇ ಓದುವವರಿಗೆ ಇದು ಹಲವು ರೀತಿಯಲ್ಲಿ ತೊಡಕಾಗುತ್ತದೆ. "ಚೆನ್ನಾಗೇ ಆಯ್ತು" ಎಂದ ಮೇಲೆ "ಆಗ್ಲಿಲ್ಲ" ಎಂದರೆ, ಚೆನ್ನಾಗಿ ಮಾಡಿದರೂ ಏಕೆ ಬಿಟ್ಟರು ಎಂಬ ಪ್ರಶ್ನೆ ಏಳುತ್ತದೆ. "ಆಗ್ಲಿಲ್ಲ" ಎಂಬಲ್ಲಿ ಏನಾಗಲಿಲ್ಲ, ಯಾರು ತೀರ್ಮಾನಿಸಿದರು, ಅದು ಕೊನೆಯ ತೀರ್ಮಾನವೇ ಎಂಬುದು ತಿಳಿಯುವುದಿಲ್ಲ. ಬೇಸರಪಡಬೇಡಿ ಎನ್ನುವುದು ಅವರ ಮನಸ್ಸಿನ ವಿಚಾರದಲ್ಲಿ ನಾವು ಕೊಡುವ ಸಲಹೆಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು "ಖಂಡಿತ ಹೇಳ್ತೀವಿ" ಎಂಬ ಮಾತು, ಏಕೆಂದರೆ ಹಳೆಯ ಅರ್ಜಿಗಳನ್ನು ಮತ್ತೆ ತೆರೆದು ನೋಡುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಆ ಮಾತನ್ನು ನಂಬಿ ಒಬ್ಬರು ಬೇರೆಡೆ ಅರ್ಜಿ ಹಾಕುವುದನ್ನು ಒಂದು ವಾರ ಮುಂದೂಡಿದರೂ ಅದರ ಹೊಣೆ ನಮ್ಮದೇ.

ಬರೆಯುವ ಮೊದಲು 55 ಕರಡುಗಳನ್ನೂ ಒಂದೇ ಸ್ಪ್ರೆಡ್‌ಶೀಟ್‌ಗೆ ತಂದು, ಪ್ರತಿ ಅರ್ಜಿದಾರರ ಎದುರು ಅವರು ತಲುಪಿದ್ದ ಹಂತವನ್ನೂ ಆಯ್ಕೆಯಾಗದಿರಲು ಸಮಿತಿಯ ಟಿಪ್ಪಣಿಯಲ್ಲಿದ್ದ ಕಾರಣವನ್ನೂ ನಮೂದಿಸಿದೆ. ಅರ್ಜಿಯ ಹಂತದಲ್ಲೇ ಉಳಿದವರು 37, ಪ್ರಾಯೋಗಿಕ ಪರೀಕ್ಷೆಯ ನಂತರ 14, ಸಂದರ್ಶನದ ನಂತರ 4. ಹಂತದ ಪ್ರಕಾರ ವಿಂಗಡಿಸಿ ಒಂದರ ಕೆಳಗೊಂದು ಓದಿದಾಗ ಅಸಮಾನತೆ ಎದ್ದು ಕಂಡಿತು. ಬ್ಯಾಂಕ್ ಲೆಕ್ಕ ತಾಳೆ ಮಾಡುವ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದಿದ್ದ ಇಬ್ಬರಲ್ಲಿ ಒಬ್ಬರಿಗೆ "ಇನ್ನೂ ಸ್ವಲ್ಪ ಅನುಭವ ಬೇಕು" ಎಂದೂ, ಇನ್ನೊಬ್ಬರಿಗೆ "ನಮ್ಮ ತಂಡಕ್ಕೆ ಹೊಂದಲ್ಲ ಅನ್ನಿಸ್ತು" ಎಂದೂ ಬರೆಯಲಾಗಿತ್ತು. ಅರ್ಜಿದಾರರಲ್ಲಿ ಪರಿಚಿತರು, ಸಹಪಾಠಿಗಳು ಇರುವುದು ಸಾಮಾನ್ಯ, ಅವರು ಪತ್ರಗಳನ್ನು ಹೋಲಿಸಿ ನೋಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ತಂಡಕ್ಕೆ ಹೊಂದುವುದಿಲ್ಲ ಎಂಬ ಮಾತನ್ನು ಓದಿದವರು ತಮ್ಮ ವಯಸ್ಸು, ಮಾತಿನ ಧಾಟಿ, ಹುಟ್ಟು ಎಲ್ಲವನ್ನೂ ಅದಕ್ಕೆ ಕಾರಣವೆಂದು ಊಹಿಸಿಕೊಳ್ಳಬಹುದು. ನಾವು ಅಳೆದದ್ದು ಲೆಕ್ಕ ತಾಳೆ ಮಾಡುವ ಕೌಶಲವನ್ನು ಮಾತ್ರ, ಆದ್ದರಿಂದ ಪತ್ರದಲ್ಲಿ ಹೇಳಬೇಕಾದದ್ದೂ ಅಷ್ಟೇ.

ಹೀಗಾಗಿ ಮೂರು ಹಂತಗಳಿಗೆ ಮೂರು ಪಠ್ಯಗಳನ್ನು ಸಿದ್ಧಪಡಿಸಿದೆ. ಮೊದಲ ಹಂತದವರಿಗೆ ಬರೆದದ್ದು ನಾಲ್ಕೇ ವಾಕ್ಯ, ಅವರ ಕೆಲಸವನ್ನು ನಾವು ನೋಡಿಯೇ ಇರಲಿಲ್ಲವಾದ್ದರಿಂದ ಅದರ ಬಗ್ಗೆ ಅಭಿಪ್ರಾಯ ಹೇಳುವುದು ಸರಿಯಲ್ಲ. ಹಂತ ಮುಂದುವರಿದಂತೆ, ಅವರು ನಮಗಾಗಿ ಕೊಟ್ಟ ಸಮಯಕ್ಕೆ ತಕ್ಕಂತೆ, ವಿವರವೂ ಹೆಚ್ಚಬೇಕು. ಮೇಲೆ ಹೇಳಿದ ಆಡುಮಾತಿನ ಸಂದೇಶವು ಸಂದರ್ಶನದ ಪಠ್ಯದಲ್ಲಿ ಹೀಗಾಯಿತು:

"ಲೆಕ್ಕಪತ್ರ ಸಹಾಯಕ ಹುದ್ದೆಯ ಸಂದರ್ಶನಕ್ಕೆ ಬಂದುದಕ್ಕಾಗಿ ಧನ್ಯವಾದಗಳು. ಈ ಹುದ್ದೆಗೆ ನಿಮ್ಮನ್ನು ಆಯ್ಕೆ ಮಾಡಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ತಿಂಗಳ ಕೊನೆಯ ಲೆಕ್ಕ ಮುಕ್ತಾಯವನ್ನು ಸ್ವತಂತ್ರವಾಗಿ ನಿರ್ವಹಿಸಿದ ಅನುಭವವುಳ್ಳವರಿಗೆ ಆದ್ಯತೆ ನೀಡಿದ್ದೇವೆ. ಈ ನೇಮಕಾತಿಗೆ ಸಂಬಂಧಿಸಿದಂತೆ ಇದು ಅಂತಿಮ ತೀರ್ಮಾನ. ಮುಂದೆ ಪ್ರಕಟವಾಗುವ ಹುದ್ದೆಗಳಿಗೆ ನೀವು ಹೊಸದಾಗಿ ಅರ್ಜಿ ಸಲ್ಲಿಸಬಹುದು."

ಎರಡನೆಯ ವಾಕ್ಯದಲ್ಲೇ ತೀರ್ಮಾನ ಬರುವಂತೆ ನೋಡಿಕೊಂಡೆ, ಏಕೆಂದರೆ ಹೊಗಳಿಕೆಯ ಮೂರು ಸಾಲುಗಳನ್ನು ದಾಟಿದ ಮೇಲೆ ಇಲ್ಲವೆಂದು ತಿಳಿಯುವುದು ಹೆಚ್ಚು ನೋವು ಕೊಡುತ್ತದೆ. "ತಿರಸ್ಕರಿಸಲಾಗಿದೆ" ಎಂಬ ಪದವನ್ನು ಎಲ್ಲಿಯೂ ಬಳಸಲಿಲ್ಲ. ಹಾಗೆಂದು "ಸದ್ಯಕ್ಕೆ ಪರಿಗಣಿಸಲಾಗುತ್ತಿಲ್ಲ" ಎಂದೂ ಬರೆಯಲಿಲ್ಲ, ಆ "ಸದ್ಯಕ್ಕೆ" ಬಾಗಿಲು ಅರ್ಧ ತೆರೆದಿದೆಯೆಂಬ ಭಾವನೆ ಹುಟ್ಟಿಸುತ್ತದೆ. ವಿಷಾದವನ್ನು ಒಂದೇ ಸಲ ಹೇಳಿದೆ.

ಕನ್ನಡದಲ್ಲಿ ಇಂಥ ಪತ್ರಗಳನ್ನು ಒಟ್ಟಾಗಿ ತಯಾರಿಸುವಾಗ ವ್ಯಾಕರಣವೂ ಕೈಕೊಡುತ್ತದೆ. ಕಿರಿಯ ಅರ್ಜಿದಾರರಿಗೆ ಬರೆದ ಕೆಲವು ಕರಡುಗಳಲ್ಲಿ ಏಕವಚನವಿತ್ತು. "ನಿನ್ನ" ಎಂಬುದನ್ನು "ನಿಮ್ಮ" ಎಂದು ಒಮ್ಮೆಗೇ ಬದಲಾಯಿಸಿದೆ, ಆದರೆ ಕ್ರಿಯಾಪದಗಳು ಹಾಗೆಯೇ ಉಳಿದು "ನಿಮ್ಮ ಉತ್ತರ ಚೆನ್ನಾಗಿ ಬರೆದಿದ್ದೀಯ" ಎಂಬಂಥ ವಾಕ್ಯಗಳಾದವು. ಕರಡುಗಳನ್ನು ತೇಪೆ ಹಾಕಿ ಸರಿಪಡಿಸಲಾಗದು ಎಂಬುದು ಅಲ್ಲಿ ಇನ್ನಷ್ಟು ಖಚಿತವಾಯಿತು. ಇನ್ನೊಂದು ತೊಡಕು, ಪಟ್ಟಿಯಲ್ಲಿರುವ ಹೆಸರುಗಳನ್ನು ಒಂದೇ ಪಠ್ಯಕ್ಕೆ ತಾನಾಗಿ ತುಂಬಿ ಪ್ರತ್ಯೇಕ ಪತ್ರಗಳನ್ನು ಮಾಡುವ ಮೇಲ್ ಮರ್ಜ್‌ನದು. ಹೆಸರಿನ ಜಾಗಕ್ಕೆ ನೇರವಾಗಿ ವಿಭಕ್ತಿ ಪ್ರತ್ಯಯ ಅಂಟಿಸಿದರೆ, ಒಬ್ಬರ ಹೆಸರಿಗೆ "ನಿಗೆ" ಬೇಕು, ಇನ್ನೊಬ್ಬರಿಗೆ "ಳಿಗೆ" ಬೇಕು, ಮತ್ತೊಬ್ಬರಿಗೆ "ಗೆ" ಸಾಕು. ಹೆಸರಿನ ನಂತರ ಜಾಗ ಬಿಟ್ಟು "ಅವರೇ" ಎಂದೋ "ಅವರಿಗೆ" ಎಂದೋ ಇಟ್ಟರೆ ಪ್ರತ್ಯಯ ಆ ಪದಕ್ಕೇ ಸೇರುತ್ತದೆ, ಹೆಸರು ಅರ್ಜಿಯಲ್ಲಿದ್ದಂತೆಯೇ ಉಳಿಯುತ್ತದೆ. "ಶ್ರೀ", "ಶ್ರೀಮತಿ" ಎಂದು ಊಹಿಸುವ ಅಗತ್ಯವೂ ತಪ್ಪುತ್ತದೆ. ಹುದ್ದೆಯ ಹೆಸರಿನ ಮುಂದೆಯೂ ಇದೇ ರೀತಿ "ಹುದ್ದೆಗೆ" ಎಂಬ ಪದವನ್ನು ಇಟ್ಟೆ.

ಕಳುಹಿಸುವ ಮೊದಲು ಪ್ರತಿ ಹಂತದ ಎರಡು ಪತ್ರಗಳನ್ನು ನನ್ನದೇ ವಿಳಾಸಕ್ಕೆ ಕಳುಹಿಸಿಕೊಂಡು ಓದಿದೆ. ಪರೀಕ್ಷೆ ಬರೆದಿದ್ದ ಒಬ್ಬರ ಹೆಸರಿನಲ್ಲಿ ಮೊದಲ ಹಂತದ ಪಠ್ಯ ಬಂದಿತ್ತು, ಅಂದರೆ ಅವರು ಎರಡು ಗಂಟೆ ಕುಳಿತು ಬರೆದ ಪರೀಕ್ಷೆಯ ಉಲ್ಲೇಖವೇ ಅದರಲ್ಲಿರಲಿಲ್ಲ. ಹುಡುಕಿದಾಗ, ಒಂದು ಕಾಲಂ ಅನ್ನು ಮಾತ್ರ ವಿಂಗಡಿಸಿದ್ದರಿಂದ ಆ ಭಾಗದ ಆರು ಸಾಲುಗಳಲ್ಲಿ ಹೆಸರು ಮತ್ತು ಹಂತ ಅದಲುಬದಲಾಗಿದ್ದುದು ತಿಳಿಯಿತು. ಅಲ್ಲಿಂದೀಚೆಗೆ ಹಂತವಾರು ಎಣಿಕೆಯನ್ನು ತಾಳೆ ನೋಡುವುದರ ಜೊತೆಗೆ, ಪರೀಕ್ಷೆಯ ಹಾಜರಿ ಪಟ್ಟಿಯ ಹೆಸರುಗಳನ್ನೂ ಒಂದೊಂದಾಗಿ ಹೋಲಿಸುತ್ತೇನೆ, ಏಕೆಂದರೆ ಇಂಥ ಅದಲುಬದಲಿನಲ್ಲಿ ಎಣಿಕೆ ಸರಿಯಾಗಿಯೇ ಇರುತ್ತದೆ.

ಕಾಯ್ದಿರಿಸಿದ ಇಬ್ಬರಿಗೆ ಈ ಮೂರರಲ್ಲಿ ಯಾವ ಪಠ್ಯವೂ ಸಲ್ಲುವುದಿಲ್ಲ. ತೀರ್ಮಾನ ಬಾಕಿಯಿದೆಯೆಂದೂ ಯಾವ ದಿನದೊಳಗೆ ತಿಳಿಸುತ್ತೇವೆಂದೂ ಅವರಿಗೆ ಬೇರೆಯಾಗಿ ಬರೆದೆ, ಆಯ್ಕೆಯಾದವರು ಕೆಲಸಕ್ಕೆ ಸೇರುವುದಾಗಿ ಲಿಖಿತವಾಗಿ ಒಪ್ಪಿದ ದಿನವೇ ಅಂತಿಮ ಪತ್ರ ಕಳುಹಿಸಿದೆ. ಸಂದರ್ಶನದ ನಂತರ ಆಯ್ಕೆಯಾಗದ ನಾಲ್ವರಲ್ಲಿ ಒಬ್ಬರು ನಮ್ಮಲ್ಲೇ ಎರಡು ವರ್ಷ ತಾತ್ಕಾಲಿಕವಾಗಿ ದುಡಿದವರು. ಅವರ ಸಾಲನ್ನು ಮೇಲ್ ಮರ್ಜ್‌ನಿಂದ ತೆಗೆದು, ಸಮಿತಿಯ ಹಿರಿಯರಿಂದ ಮೊದಲು ದೂರವಾಣಿ ಕರೆ ಮಾಡಿಸಿದೆ. ನಂತರ ಅವರಿಗೂ ಹೋದದ್ದು ಉಳಿದ ಮೂವರಿಗೆ ಹೋದ ಪತ್ರವೇ.