ಮಾಸ್ತರರ ರಾತ್ರಿ ಶುಗರ್: ಎಜಿಪಿ ಚಿತ್ರವನ್ನು ಕೆಳಗಿನಿಂದ ಓದಿದ ನನ್ನ ಅನುಭವ

ಕಲಬುರಗಿಯ ಒಂದು ಸಣ್ಣ ಶುಗರ್ ಕ್ಲಿನಿಕ್‌ನಲ್ಲಿ ನಾನು ನರ್ಸ್. ತೋಳಿಗೆ ಅಂಟಿಕೊಂಡು ಹಗಲು ರಾತ್ರಿ ಶುಗರ್ ಅಳೆಯುವ ಸೆನ್ಸರ್ ಹಚ್ಚುವುದು, 14 ದಿನ ಆದ ಮೇಲೆ ಅದರ ರಿಪೋರ್ಟ್ ತೆಗೆದು ಡಾಕ್ಟರ ಮುಂದೆ ಇಡುವುದು ನನ್ನ ಕೆಲಸ. ಆ ರಿಪೋರ್ಟ್‌ನಲ್ಲಿ ಒಂದು ಚಿತ್ರ ಬರುತ್ತದೆ. ಅದಕ್ಕೆ ಎಜಿಪಿ ಅಂತಾರೆ. 14 ದಿನದ ಶುಗರ್ ಓಟವನ್ನೆಲ್ಲಾ ಒಂದರ ಮೇಲೊಂದು ಇಟ್ಟು, ಒಂದೇ ದಿನದ 24 ಗಂಟೆಯ ಹಾಗೆ ತೋರಿಸುವ ಚಿತ್ರ ಅದು.

ನಡುವೆ ಒಂದು ದಪ್ಪ ಗೆರೆ ಇರುತ್ತದೆ. ಯಾವುದೇ ಹೊತ್ತಿನಲ್ಲಿ ಅರ್ಧ ಅಳತೆಗಳು ಆ ಗೆರೆಯ ಮೇಲೆ, ಅರ್ಧ ಕೆಳಗೆ. ಗೆರೆಯ ಸುತ್ತ ಗಾಢ ಬಣ್ಣದ ಪಟ್ಟಿ, ಅದರಲ್ಲಿ ನಡುವಿನ ಅರ್ಧದಷ್ಟು ಅಳತೆಗಳು ಕೂತಿರುತ್ತವೆ. ಅದರ ಹೊರಗೆ ತಿಳಿ ಬಣ್ಣದ ಪಟ್ಟಿ, ಅಪರೂಪಕ್ಕೆ ಶುಗರ್ ಎಲ್ಲಿವರೆಗೆ ಹೋಗಿತ್ತು ಅಂತ ಹೇಳುವುದು ಅದೇ. ಮೊದಲ ವರ್ಷ ನಾನು ನಡುವಿನ ಗೆರೆಯನ್ನಷ್ಟೇ ನೋಡುತ್ತಿದ್ದೆ. ಅದು ತಪ್ಪು ಅಂತ ನನಗೆ ಗೊತ್ತಾಗಿದ್ದು ಒಬ್ಬ ಮಾಸ್ತರರ ರಿಪೋರ್ಟ್‌ನಿಂದ.

ಆಳಂದ ತಾಲೂಕಿನ ಕಡೆಯವರು, ನಿವೃತ್ತ ಶಿಕ್ಷಕರು, ವಯಸ್ಸು 67. ಹಳೇ ಕಾಲದ 30/70 ಮಿಶ್ರ ಇನ್ಸುಲಿನ್ ತಗೋತಿದ್ದರು. ಬೆಳಿಗ್ಗೆ 24 ಯೂನಿಟ್, ರಾತ್ರಿ ಎಂಟೂವರೆಗೆ 20. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 7.1. ಖಾಲಿ ಹೊಟ್ಟೆಯ ಶುಗರ್ 110ರ ಆಸುಪಾಸು. ಕಾಗದದ ಮೇಲೆ ಎಲ್ಲಾ ಚೆನ್ನಾಗೇ ಇತ್ತು. ಅವರ ಹೆಂಡತಿ ಮಾತ್ರ ಹೊರಡುವ ಹೊತ್ತಿಗೆ ಒಂದು ಮಾತು ಹೇಳಿದರು: "ಸಿಸ್ಟರ್, ರಾತ್ರಿ ಇವರ ಮೈ ಬೆವತು ಹಾಸಿಗಿ ತೊಯ್ದು ಹೋಗ್ತದ್ರೀ. ಬ್ಯಾಸಗಿ ಅದ ಅಂತ ಸುಮ್ಮನಿದ್ದೆ." ಏಪ್ರಿಲ್ ತಿಂಗಳು. ನಮ್ಮೂರ ಬಿಸಿಲಿಗೆ ಯಾರು ಬೆವರುವುದಿಲ್ಲ? ಆದರೂ ಡಾಕ್ಟರು ಸೆನ್ಸರ್ ಹಾಕಲು ಹೇಳಿದರು.

ರಿಪೋರ್ಟ್ ಬಂತು. ಮೊದಲು ನೋಡಬೇಕಾದ್ದು ಸೆನ್ಸರ್ ಎಷ್ಟು ಹೊತ್ತು ಕೆಲಸ ಮಾಡಿದೆ ಅಂತ. ಶೇ. 70ಕ್ಕಿಂತ ಕಡಿಮೆ ಇದ್ದರೆ ಚಿತ್ರವನ್ನು ನಂಬುವ ಹಾಗಿಲ್ಲ. ಬೇಸಿಗೆಯಲ್ಲಿ ಬೆವರಿಗೆ ಅಂಟು ಬಿಟ್ಟು ಸೆನ್ಸರ್ ಉದುರಿ ಹೋಗುವುದು ನಮ್ಮಲ್ಲಿ ಜಾಸ್ತಿ. ಇವರದು ಶೇ. 93 ಇತ್ತು. 70ರಿಂದ 180ರ ನಡುವೆ ಇದ್ದ ಸಮಯ ಶೇ. 64. 180ರ ಮೇಲೆ ಶೇ. 32. 70ರ ಕೆಳಗೆ ಶೇ. 4.

ನಾಲ್ಕೇ ಅಲ್ವಾ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ದಿನದ ಶೇ. 4 ಅಂದರೆ ಸುಮಾರು 58 ನಿಮಿಷ. 14 ದಿನಕ್ಕೆ 13 ಗಂಟೆ ಮೀರುತ್ತದೆ. ವಯಸ್ಸಾದವರಿಗೆ 70ರ ಕೆಳಗಿನ ಸಮಯ ಶೇ. 1 ಕೂಡ ದಾಟಬಾರದು ಅನ್ನುವುದು ಒಪ್ಪಿತ ಗುರಿ. ಮೇಲಾಗಿ ಆ 13 ಗಂಟೆ ದಿನವಿಡೀ ಹರಡಿರಲಿಲ್ಲ. ಚಿತ್ರದಲ್ಲಿ ರಾತ್ರಿ 1ರಿಂದ 4ರವರೆಗೆ ಒಂದು ಜೋಲು ಇತ್ತು. 3 ಗಂಟೆಗೆ ನಡುಗೆರೆ 96, ನೋಡಲು ಚೆಂದ. ಗಾಢ ಪಟ್ಟಿಯ ಕೆಳ ಅಂಚು ಮಾತ್ರ 70ರ ಗೆರೆಗೆ ತಾಗಿತ್ತು. ತಿಳಿ ಪಟ್ಟಿಯ ಅಂಚು 52ಕ್ಕೆ ಇಳಿದಿತ್ತು. ಗಾಢ ಪಟ್ಟಿಯ ಕೆಳ ಅಂಚು 70 ಮುಟ್ಟಿತು ಅಂದರೆ ನಾಲ್ಕು ರಾತ್ರಿಗೆ ಹೆಚ್ಚುಕಮ್ಮಿ ಒಂದು ರಾತ್ರಿ ಶುಗರ್ ಬೀಳುತ್ತಿದೆ ಅಂತ ಅರ್ಥ. ನಡುಗೆರೆಗೆ ಇದು ಕಾಣುವುದೇ ಇಲ್ಲ.

ಆಮೇಲೆ ಕೆಳಗಿನ ಪುಟದ ದಿನದ ಚಿಕ್ಕ ಚಿತ್ರಗಳನ್ನು ಒಂದೊಂದಾಗಿ ನೋಡಿದೆ. ಐದು ರಾತ್ರಿ 70ರ ಕೆಳಗೆ ಹೋಗಿತ್ತು. ಅದರಲ್ಲಿ ಒಂದರ ಆಕಾರವೇ ಬೇರೆ. ಬಾವಿಗೆ ಕಲ್ಲು ಬಿದ್ದ ಹಾಗೆ ಒಮ್ಮೆಲೇ ಇಳಿದು, ಅರ್ಧ ಗಂಟೆಯಲ್ಲಿ ಏನೂ ತಿನ್ನದೆ ಮೊದಲಿದ್ದಲ್ಲಿಗೇ ಬಂದಿತ್ತು. ಸೆನ್ಸರ್ ಎಡ ತೋಳಿನಲ್ಲಿತ್ತು, ಅವರು ಎಡ ಮಗ್ಗುಲಿಗೆ ಮಲಗುವವರು. ಮೈಯ ಭಾರ ಸೆನ್ಸರ್ ಮೇಲೆ ಬಿದ್ದರೆ ಅದು ಸುಳ್ಳೇ ಕಡಿಮೆ ತೋರಿಸುತ್ತದೆ. ಆ ರಾತ್ರಿ ಅಲಾರಾಂಗೆ ಎದ್ದು ಅವರು ಬೆರಳು ಚುಚ್ಚಿ ನೋಡಿದ್ದರು. ಸೆನ್ಸರ್‌ನಲ್ಲಿ 58, ಮೀಟರ್‌ನಲ್ಲಿ 104. ಅದನ್ನು ಲೆಕ್ಕದಿಂದ ಬಿಟ್ಟೆವು.

ಉಳಿದ ನಾಲ್ಕು ನಿಜವಾದವು. ನಡುರಾತ್ರಿಯಿಂದ ನಿಧಾನವಾಗಿ ಜಾರಿ, ಮೂರು ಗಂಟೆ ಕಾಲ ತಳದಲ್ಲಿದ್ದು, ಬೆಳಗಿನ ಜಾವ ತಾನೇ ಏರಿದ್ದವು. ಅದಕ್ಕೇ ಬೆಳಗಿನ ಮೀಟರ್ 110 ತೋರಿಸುತ್ತಿತ್ತು. ನಾನು ಅವರ ಡೈರಿ ತೆಗೆದೆ. ಎರಡು ಸೋಮವಾರದ ರಾತ್ರಿ. ಸೋಮವಾರ ಅವರದು ಒಪ್ಪತ್ತು, ರಾತ್ರಿ ಬರೀ ಒಂದು ಬಾಳೆಹಣ್ಣು, ಒಂದು ಲೋಟ ಹಾಲು. ಇನ್ಸುಲಿನ್ ಮಾತ್ರ ಅದೇ 20. ಇನ್ನೆರಡು ರಾತ್ರಿ, ಹಗಲೆಲ್ಲಾ ಹೊಲದಲ್ಲಿ ತೊಗರಿ ಕೂಳೆ ತೆಗೆಯುವ ಕೆಲಸದಲ್ಲಿ ನಿಂತ ದಿನದ್ದು. ಈ ಮಿಶ್ರಣದ 70 ಪಾಲು ನಿಧಾನದ ಇನ್ಸುಲಿನ್, ಅದು ಚುಚ್ಚಿದ 4ರಿಂದ 10 ಗಂಟೆಯಲ್ಲಿ ಜೋರು ಮಾಡುತ್ತದೆ. ಎಂಟೂವರೆಯಿಂದ ಎಣಿಸಿದರೆ ನಡುರಾತ್ರಿ ಹನ್ನೆರಡೂವರೆಗೆ ಶುರು. ಹೊತ್ತು ಸರಿಯಾಗಿ ಕೂಡಿಬಂತು.

ಇಷ್ಟಾದ ಮೇಲೇ ಮೇಲಿನ ಗುಡ್ಡಕ್ಕೆ ಬಂದೆ. ಬೆಳಿಗ್ಗೆ 10 ಗಂಟೆಗೆ ನಡುಗೆರೆ 238. ಅಲ್ಲಿ ಗಾಢ ಪಟ್ಟಿ ತೀರಾ ತೆಳ್ಳಗಿತ್ತು. ಪಟ್ಟಿ ಅಗಲವಾಗಿದ್ದರೆ ಒಂದು ದಿನ ಒಂದು ಥರ, ಊಟವನ್ನು ಹುಡುಕಬೇಕು. ಎತ್ತರದಲ್ಲಿ ತೆಳ್ಳಗಿದ್ದರೆ ದಿನವೂ ಅದೇ ತಪ್ಪು ನಡೆಯುತ್ತಿದೆ. ದಿನಾ ಒಂಬತ್ತಕ್ಕೆ ಮಂಡಕ್ಕಿಯ ಸುಸಲಾ, ಜೊತೆಗೆ ಎರಡು ಮಿರ್ಚಿ ಭಜಿ, ಸಕ್ಕರೆ ಚಹಾ. ಇನ್ಸುಲಿನ್ ಚುಚ್ಚಿದ ಕೂಡಲೇ ತಟ್ಟೆಗೆ ಕೈ ಹಾಕುತ್ತಿದ್ದರು. ಈ ಜಾತಿಯ ಇನ್ಸುಲಿನ್‌ಗೆ ಊಟಕ್ಕೆ ಮುಂಚೆ ಅರ್ಧ ಗಂಟೆ ಬೇಕು. ಮಂಡಕ್ಕಿ ಅಷ್ಟು ಹೊತ್ತು ಕಾಯುವುದಿಲ್ಲ, ಬೇಗ ರಕ್ತಕ್ಕೆ ಸೇರುತ್ತದೆ. ಮಧ್ಯಾಹ್ನ ಜೋಳದ ರೊಟ್ಟಿ, ತೊಗರಿ ಬೇಳೆ ಉಂಡಾಗ ಗುಡ್ಡ 190ರ ಹತ್ತಿರವೇ ನಿಂತಿತ್ತು.

ಊಟದ ಹೊತ್ತು ಬರೆದಿಡದಿದ್ದರೆ ಈ ಓದು ಕೆಡುತ್ತದೆ. ಒಂದು ದಿನ ಎಂಟಕ್ಕೆ, ಇನ್ನೊಂದು ದಿನ ಹನ್ನೊಂದಕ್ಕೆ ತಿಂದರೆ ಗುಡ್ಡಗಳು ಒಂದರ ಮೇಲೊಂದು ಕೂರುವುದಿಲ್ಲ. ಚಪ್ಪಟೆಯಾಗಿ ಹರಡಿ, ಏರಿಕೆಯೇ ಇಲ್ಲವೇನೋ ಅನ್ನಿಸುತ್ತದೆ.

ರಾತ್ರಿ ಶುಗರ್ ಬೀಳುವುದನ್ನು ನಿಲ್ಲಿಸದೆ ಬೆಳಗಿನ ಏರಿಕೆಗೆ ಡೋಸ್ ಏರಿಸುವುದು ಬೇಡ ಅಂತ ಡಾಕ್ಟರು ಹೇಳಿದರು. ರಾತ್ರಿ 20 ಇದ್ದದ್ದನ್ನು 17 ಮಾಡಿದರು. ಬೆಳಗಿನ ಯೂನಿಟ್ ಮುಟ್ಟಲಿಲ್ಲ, ಅರ್ಧ ಗಂಟೆ ಮೊದಲು ಚುಚ್ಚಿಸಿದರು. ವಾರಕ್ಕೆ ಐದು ದಿನ ಸುಸಲಾ ಬದಲು ಒಂದೂವರೆ ರೊಟ್ಟಿ, ಪುಂಡಿ ಪಲ್ಯ. ಹಾಸಿಗೆ ಪಕ್ಕ ಗ್ಲೂಕೋಸ್ ಡಬ್ಬಿ ಇಡಲು ನಾನು ಹೇಳಿದೆ. ಶುಗರ್ ಬಿದ್ದರೆ 15 ಗ್ರಾಂ ನೀರಿಗೆ ಹಾಕಿ ಕುಡಿದು, 15 ನಿಮಿಷಕ್ಕೆ ಬೆರಳು ಚುಚ್ಚಿ ನೋಡಬೇಕು. ಆಗ ಸೆನ್ಸರ್ ನೋಡಬಾರದು. ಅದು ಚರ್ಮದಡಿಯ ದ್ರವವನ್ನು ಅಳೆಯುತ್ತದೆ, ರಕ್ತಕ್ಕಿಂತ ಹಿಂದೆ ಬೀಳುತ್ತದೆ. ಇನ್ನೂ ಏರಲಿಲ್ಲ ಅಂತ ಮತ್ತೆ ಮತ್ತೆ ಸಕ್ಕರೆ ತಿಂದು 300 ಮಾಡಿಕೊಂಡವರನ್ನು ನೋಡಿದ್ದೇನೆ.

ಎರಡನೇ ಸೆನ್ಸರ್ ಬಲ ತೋಳಿಗೆ ಹಾಕಿದೆ. 70ರ ಕೆಳಗೆ ಶೇ. 1ಕ್ಕೆ ಇಳಿದಿತ್ತು. ಬೆಳಗಿನ ಗುಡ್ಡ 196. ರಾತ್ರಿ ಊಟದ ಮೇಲಿನ ಶುಗರ್ ಸ್ವಲ್ಪ ಏರಿತ್ತು, ಖಾಲಿ ಹೊಟ್ಟೆಯದು 128 ಆಗಿತ್ತು. ಮೂರು ಯೂನಿಟ್ ತೆಗೆದದ್ದಕ್ಕೆ ಅಷ್ಟು ತೆರಬೇಕಿತ್ತು, ಡಾಕ್ಟರು ಒಪ್ಪಿಕೊಂಡರು. ಹೊಲಕ್ಕೆ ಹೋದ ದಿನದ ರಾತ್ರಿಗಳು ಸರಿಹೋಗಿದ್ದವು. ಆದರೆ ಒಂದು ಸೋಮವಾರ ಮತ್ತೆ 66 ಮುಟ್ಟಿತ್ತು. ಒಪ್ಪತ್ತು ಬಿಡಲು ಮಾಸ್ತರರು ಒಪ್ಪಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ. ಸೋಮವಾರದ ರಾತ್ರಿಗೆ ಬೇರೆಯೇ ಡೋಸ್, 12 ಯೂನಿಟ್, ಅಂತ ಡಾಕ್ಟರು ಬರೆದುಕೊಟ್ಟರು. ಅವರ ಹೆಂಡತಿ ಮನೆಗೆ ಹೋಗಿ ಕ್ಯಾಲೆಂಡರ್‌ನ ಎಲ್ಲಾ ಸೋಮವಾರಗಳ ಮೇಲೆ ಕೆಂಪು ಪೆನ್ನಿನಲ್ಲಿ 12 ಅಂತ ಬರೆದಿದ್ದಾರೆ.