ಏಳು ಕಾರ್ಡ್ ಇಟ್ಟರೆ 60 ಸೆಂ.ಮೀ.: ಜೇಬಿನಲ್ಲೇ ಇರುವ ಅಳತೆಪಟ್ಟಿ

ನಾನು ಮನೆಗಳಿಗೆ ಶೆಲ್ಫು, ಕಪಾಟು ಕೂರಿಸುವ ಕೆಲಸ ಮಾಡುತ್ತೇನೆ. ಕೆಲಸಕ್ಕೆ ಹೋದಾಗ ಟೇಪು ಜೊತೆಗೇ ಇರುತ್ತದೆ. ಆದರೆ ಯಾರದೋ ಮನೆಗೆ ಸುಮ್ನೆ ಹೋದಾಗಲೇ ಜನ ಅಳತೆ ಕೇಳುವುದು. "ಈ ಸಂದಿಯಲ್ಲಿ ಹೊಸ ಫ್ರಿಜ್ ಕೂರುತ್ತಾ, ಸ್ವಲ್ಪ ನೋಡಿ" ಅನ್ನುತ್ತಾರೆ. ಆಗ ನನ್ನ ಹತ್ತಿರ ಇರುವುದು ಪರ್ಸ್ ಒಂದೇ. ಅದರಲ್ಲಿ ಒಂದು ಬ್ಯಾಂಕ್ ಕಾರ್ಡು, ಒಂದೆರಡು ನೋಟು. ಕೆಲವು ವರ್ಷಗಳಿಂದ ಇವುಗಳಲ್ಲೇ ಅಳೆಯುತ್ತಾ ಬಂದಿದ್ದೇನೆ. ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಅನ್ನುವುದು ಈಗ ಚೆನ್ನಾಗಿ ಗೊತ್ತಾಗಿದೆ.

ಮೊದಲು ಕಾರ್ಡ್. ಯಾವ ದೇಶದ ಯಾವ ಬ್ಯಾಂಕಿನದೇ ಆಗಲಿ, ಅದರ ಅಳತೆ ಒಂದೇ: ಉದ್ದ 85.6 ಮಿ.ಮೀ., ಅಗಲ ಹೆಚ್ಚುಕಡಿಮೆ 54 ಮಿ.ಮೀ., ದಪ್ಪ 0.76 ಮಿ.ಮೀ. ಐಎಸ್‌ಒ 7810 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದನ್ನು ನಿಗದಿ ಮಾಡಿದೆ. ಎಲ್ಲ ಕಡೆಯ ಎಟಿಎಂ ಸೀಳಿನಲ್ಲೂ ಕಾರ್ಡ್ ಸಲೀಸಾಗಿ ಹೋಗಬೇಕಲ್ವಾ, ಅದಕ್ಕೇ ಅಷ್ಟು ಕಟ್ಟುನಿಟ್ಟು. ಕಾರ್ಡ್ ಗಟ್ಟಿಯಾಗಿರುವುದರಿಂದ ವರ್ಷಗಟ್ಟಲೆ ಬಳಸಿದರೂ ಉದ್ದ ಬದಲಾಗುವುದಿಲ್ಲ. ನನ್ನ ಲೆಕ್ಕಕ್ಕೆ ಒಂದೇ ಒಂದು ಮಾತು ನೆನಪಿಟ್ಟುಕೊಂಡಿದ್ದೇನೆ: ಏಳು ಕಾರ್ಡ್ ಉದ್ದ ಅಂದರೆ 599 ಮಿ.ಮೀ. ಚಿಲ್ಲರೆ, ಅಂದರೆ 60 ಸೆಂ.ಮೀ.ಗೆ ಒಂದು ಮಿಲಿಮೀಟರ್‌ನಷ್ಟೂ ಕಮ್ಮಿ ಇಲ್ಲ. ಒಲೆ, ಫ್ರಿಜ್, ಬಟ್ಟೆ ಒಗೆಯುವ ಯಂತ್ರ ಇವೆಲ್ಲ 60 ಸೆಂ.ಮೀ. ಆಸುಪಾಸಿನಲ್ಲೇ ಬರುವುದರಿಂದ ಈ ಏಳರ ಲೆಕ್ಕ ತುಂಬ ಉಪಯೋಗಕ್ಕೆ ಬರುತ್ತದೆ.

ನೋಟಿನ ಕಥೆ ಬೇರೆ. ಪ್ರತಿ ದೇಶದ ನೋಟಿನ ಅಳತೆ ಬೇರೆ. ಅಮೆರಿಕದ ಡಾಲರ್ ನೋಟುಗಳೆಲ್ಲ ಒಂದೇ ಗಾತ್ರ, ಸುಮಾರು 156 ಮಿ.ಮೀ. ಉದ್ದ, 66 ಮಿ.ಮೀ. ಅಗಲ. ಯೂರೋದಲ್ಲಿ ಮೌಲ್ಯ ಏರಿದಂತೆ ಉದ್ದವೂ ಏರುತ್ತದೆ. 50 ಯೂರೋ ನೋಟು 140 ಮಿ.ಮೀ. ಉದ್ದ. ನಮ್ಮ ನೋಟುಗಳಲ್ಲಿ ಅಳತೆಗೆ ಹೇಳಿ ಮಾಡಿಸಿದ ಹಾಗಿರುವುದು 2016ರಲ್ಲಿ ಬಂದ ಬೂದು ಬಣ್ಣದ 500ರ ನೋಟು. ಅದು ಸರಿಯಾಗಿ 150 ಮಿ.ಮೀ. ಉದ್ದ, 66 ಮಿ.ಮೀ. ಅಗಲ. ಎರಡು ನೋಟು ಇಟ್ಟರೆ ಶಾಲೆಯ ಮಕ್ಕಳ ಉದ್ದದ ಸ್ಕೇಲಿನಷ್ಟು. ಮೂರು ಪದರ ಮಡಚಿದರೆ 50 ಮಿ.ಮೀ., ಅರ್ಧ ಮಾಡಿದರೆ 75.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಬೇಕು. ಹಳೆಯ ಸರಣಿಯ 100ರ ನೋಟು 157 ಮಿ.ಮೀ. ಉದ್ದ ಇತ್ತು, ಆ ಸಂಖ್ಯೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. 2018ರಲ್ಲಿ ಬಂದ ತಿಳಿ ನೇರಳೆ ಬಣ್ಣದ 100ರ ನೋಟು ಬರೀ 142 ಮಿ.ಮೀ. ಅದು ನನಗೆ ಹೊಳೆಯಲೇ ಇಲ್ಲ. ಎರಡು ಗೋಡೆಗಳ ನಡುವೆ ಒಂದು ಹಲಗೆ ಕೂರಿಸಬೇಕಿತ್ತು. ಹೊಸ ನೋಟಿನಲ್ಲಿ ಐದು ಸಲ ಅಳೆದೆ, 157ರಿಂದ ಗುಣಿಸಿದೆ, 785 ಅಂತ ಬರೆದುಕೊಂಡೆ. ಹಲಗೆ ಕತ್ತರಿಸಿ ತಂದರೆ 75 ಮಿ.ಮೀ. ಜಾಸ್ತಿ. ಪುಣ್ಯಕ್ಕೆ ಜಾಸ್ತಿಯಾಗಿತ್ತು, ಮತ್ತೆ ಕೊಯ್ದರೆ ಸಾಕಾಯಿತು. ತಿರುಗಾಮುರುಗಾ ಆಗಿದ್ದರೆ ಹಲಗೆಯೇ ಹೋಗುತ್ತಿತ್ತು. ಹಳೆಯ ಮತ್ತು ಹೊಸ 100ರ ನೋಟು ಎರಡೂ ಚಲಾವಣೆಯಲ್ಲಿವೆ. ಅದಕ್ಕೇ ಈಗ ಅಳತೆಗೆ 500ರ ನೋಟು ಬಿಟ್ಟು ಬೇರೆ ನೋಟು ತೆಗೆಯುವುದೇ ಇಲ್ಲ.

ಈಗ ಆ ಫ್ರಿಜ್ಜಿನ ವಿಷಯ. ಅಡುಗೆಮನೆಯ ಗೋಡೆಗೂ ಕಪಾಟಿಗೂ ನಡುವೆ ಒಂದು ಸಂದಿ. ಅವರು ನೋಡಿಟ್ಟಿದ್ದ ಫ್ರಿಜ್ಜಿನ ಅಗಲ 620 ಮಿ.ಮೀ., ಎರಡೂ ಬದಿಗೆ 10 ಮಿ.ಮೀ. ಗಾಳಿ ಆಡಲು ಜಾಗ ಬಿಡಬೇಕು ಅಂತ ಅದರ ಪುಸ್ತಕದಲ್ಲಿತ್ತು. ಅಂದರೆ ಸಂದಿ 640 ಇರಲೇಬೇಕು.

ಮೊದಲು ನೋಟಿನಲ್ಲಿ ಅಳೆದೆ. ನೋಟಿನ ಒಂದು ತುದಿಯನ್ನು ಗೋಡೆಗೆ ತಾಗಿಸಿ, ನೆಲದ ಮೇಲೆ ಚಪ್ಪಟೆಯಾಗಿ ಹಾಸಿ, ಇನ್ನೊಂದು ತುದಿಯಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಗೆರೆ. ಮುಂದಿನ ಸಲ ನೋಟಿನ ಅಂಚು ಆ ಗೆರೆಯ ಮೇಲೆ. ನಾಲ್ಕು ಸಲ ಇಟ್ಟೆ, 600 ಆಯಿತು. ಉಳಿದ ಸಂದಿಯನ್ನು ಕಣ್ಣಳತೆಯಲ್ಲಿ ಹೇಳಲು ಹೋಗಬಾರದು. ಗೊತ್ತಿರುವ ಅಳತೆಯ ವಸ್ತುಗಳನ್ನು ಅದರಲ್ಲಿ ತೂರಿಸಿ ನೋಡಬೇಕು. ಮೂರು ಪದರ ಮಡಚಿದ ನೋಟು, ಅಂದರೆ 50, ಒಳಗೆ ಹೋಯಿತು. ಕಾರ್ಡಿನ ಅಗಲ, ಅಂದರೆ 54, ಹೋಗಲಿಲ್ಲ. ಹಾಗಾದರೆ ಉಳಿದದ್ದು ಇವೆರಡರ ನಡುವೆ, 52 ಅಂತ ಇಟ್ಟುಕೊಳ್ಳೋಣ. ಒಟ್ಟು 652.

ಒಂದು ಅಳತೆಯನ್ನು ನಂಬಿ ನಾನು ಯಾರಿಗೂ ಮಾತು ಕೊಡುವುದಿಲ್ಲ. ಅದೇ ಸಂದಿಯನ್ನು ಕಾರ್ಡಿನಲ್ಲಿ ಮತ್ತೆ ಅಳೆದೆ. ಏಳು ಸಲ ಇಟ್ಟಾಗ 599. ಈ ಸಲ ಉಳಿದ ಸಂದಿಯಲ್ಲಿ ಮಡಚಿದ ನೋಟು ಸಲೀಸಾಗಿ ಹೋಗಲಿಲ್ಲ, ತುದಿ ಬಾಗಿತು. ಅಂದರೆ 50ಕ್ಕಿಂತ ಒಂದು ಚೂರು ಕಮ್ಮಿ. ಒಟ್ಟು 648, 649 ಬರುತ್ತದೆ. ನೋಟು 652 ಹೇಳುತ್ತಿದೆ, ಕಾರ್ಡ್ 649 ಹೇಳುತ್ತಿದೆ. ಯಾವುದು ಸರಿ?

ಸಂಶಯ ನೋಟಿನ ಮೇಲೆಯೇ ಬಂತು. ಪರೀಕ್ಷೆ ಮಾಡುವುದು ಸುಲಭ, ಒಂದು ಎ4 ಹಾಳೆ ಸಿಕ್ಕರೆ ಸಾಕು. ಹಾಳೆಯ ಉದ್ದ 297 ಮಿ.ಮೀ. ಅದನ್ನು ಅಡ್ಡಕ್ಕೆ ಸರಿಯಾಗಿ ಅರ್ಧ ಮಡಚಿದರೆ ಒಂದು ಬದಿ 148.5 ಆಗುತ್ತದೆ. ಹೊಸ 500ರ ನೋಟನ್ನು ಆ ಬದಿಯ ಪಕ್ಕ ಇಟ್ಟರೆ ಒಂದೂವರೆ ಮಿಲಿಮೀಟರ್ ಹೊರಗೆ ಚಾಚಬೇಕು. ನನ್ನ ನೋಟು ಅರ್ಧ ಮಿಲಿಮೀಟರ್ ಮಾತ್ರ ಚಾಚಿತು. ಪರ್ಸಿನಲ್ಲಿ ಮಡಚಿ ಮಡಚಿ ಸುಕ್ಕುಬಿದ್ದ ನೋಟು ಅದು. ಎಷ್ಟು ನೀವಿದರೂ ಸುಕ್ಕಿನಲ್ಲಿ ಸ್ವಲ್ಪ ಉದ್ದ ಅಡಗಿಯೇ ಇರುತ್ತದೆ. ಹಾಗಾಗಿ ಅದು 150 ಅಲ್ಲ, 149. ನಾಲ್ಕು ಸಲ ಇಟ್ಟಾಗ ನಾನು 600 ಅಂದುಕೊಂಡದ್ದು ನಿಜವಾಗಿ 596. ಆ ನಾಲ್ಕನ್ನು 652ರಿಂದ ಕಳೆದರೆ 648. ಕಾರ್ಡಿನ ಲೆಕ್ಕಕ್ಕೆ ಹೊಂದಿಕೊಂಡಿತು.

ಸುಕ್ಕಾದ ನೋಟು ಯಾವಾಗಲೂ ಸಂದಿಯನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ಫ್ರಿಜ್ ಕೂರಿಸುವವರಿಗೆ ಇದೇ ಅಪಾಯದ ದಿಕ್ಕು, ಯಾಕೆಂದರೆ ಕೂರುತ್ತದೆ ಅಂದುಕೊಂಡದ್ದು ಕೂರದೆ ಹೋಗುತ್ತದೆ. ಪೆನ್ಸಿಲ್ ಗೆರೆ ದಪ್ಪವಾಗಿದ್ದು, ಪ್ರತಿ ಸಲ ಗೆರೆಯ ಆಚೆಯಿಂದ ಶುರು ಮಾಡಿದರೆ ತಪ್ಪು ಇನ್ನೊಂದು ದಿಕ್ಕಿಗೆ ಹೋಗುತ್ತದೆ, ಸಂದಿ ಚಿಕ್ಕದಾಗಿ ಕಾಣುತ್ತದೆ. ಪ್ರತಿ ಹೆಜ್ಜೆಗೆ ಅರ್ಧ ಮಿಲಿಮೀಟರ್ ಅಂದರೂ ಏಳು ಹೆಜ್ಜೆಗೆ ಮೂರೂವರೆ ಆಗುತ್ತದೆ. ಅದಕ್ಕೇ ಗೆರೆ ತೆಳ್ಳಗಿರಬೇಕು, ಅಂಚು ಗೆರೆಯ ನಡುವಿಗೇ ಬರಬೇಕು.

ಮರುದಿನ ಟೇಪು ತಂದು ನೋಡಿದಾಗ 648 ಬಂತು. 640 ಬೇಕಿತ್ತು, 8 ಮಿ.ಮೀ. ಉಳಿಯಿತು. ಫ್ರಿಜ್ ಕೂತಿತು. ಆದರೆ ಕಾರ್ಡಿನ ಲೆಕ್ಕ 642 ಅಂತ ಬಂದಿದ್ದರೆ ನಾನು "ಟೇಪು ಬರುವ ತನಕ ಹಣ ಕೊಡಬೇಡಿ" ಅನ್ನುತ್ತಿದ್ದೆ. ಅರ್ಧ ಮೀಟರ್ ದಾಟಿದ ಅಳತೆಯಲ್ಲಿ ಈ ವಿಧಾನಕ್ಕೆ ನಾನು 4 ಮಿ.ಮೀ. ತಪ್ಪಿನ ಅವಕಾಶ ಇಟ್ಟುಕೊಳ್ಳುತ್ತೇನೆ. ಅಷ್ಟು ಸಡಿಲು ಇಲ್ಲದ ಕಡೆ ಜೇಬಿನ ಅಳತೆಗೆ ಕೆಲಸವಿಲ್ಲ.

ಕಾರ್ಡಿನಲ್ಲೂ ಒಂದು ಮೋಸ ಇದೆ, ಮೂಲೆಯದು. ಕಾರ್ಡಿನ ನಾಲ್ಕೂ ಮೂಲೆ ದುಂಡಗಿವೆ, ದುಂಡಿನ ತ್ರಿಜ್ಯ 3 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಮೂಲೆಯ ಹತ್ತಿರ ಗೆರೆ ಎಳೆದರೆ ಅಂಚು ಅಲ್ಲಾಗಲೇ ಒಳಕ್ಕೆ ತಿರುಗಿರುತ್ತದೆ, ಒಂದೆರಡು ಮಿಲಿಮೀಟರ್ ಸುಮ್ನೆ ಕಳೆದುಹೋಗುತ್ತದೆ. ಹಾಗಾಗಿ ನಾನು ಅಂಚಿನ ನಡುಭಾಗದಲ್ಲೇ ಗೆರೆ ಹಾಕುತ್ತೇನೆ. ಇದೇ ಕಾರಣಕ್ಕೆ ಕರ್ಣವನ್ನು ಅಳತೆಗೆ ಬಳಸುವುದನ್ನೂ ಬಿಟ್ಟೆ. ಉದ್ದ ಅಗಲದಿಂದ ಲೆಕ್ಕ ಹಾಕಿದರೆ ಕರ್ಣ 101 ಮಿ.ಮೀ. ಬರುತ್ತದೆ. ಹತ್ತು ಸೆಂಟಿಮೀಟರ್‌ಗೆ ಒಳ್ಳೆಯ ಗುರುತು ಅಂತ ನಾನೂ ಖುಷಿಪಟ್ಟಿದ್ದೆ. ಟೇಪಿನ ಮೇಲೆ ಇಟ್ಟು ನೋಡಿದರೆ 99 ಕೂಡ ಪೂರ್ತಿ ಇಲ್ಲ. ಎರಡೂ ತುದಿಯ ಚೂಪನ್ನು ದುಂಡು ತಿಂದಿರುತ್ತದೆ.

ದಪ್ಪ ಮಾತ್ರ ನಿಜವಾಗಿಯೂ ದೊಡ್ಡ ಉಪಕಾರಿ. ಕಪಾಟಿನ ಎರಡು ಬಾಗಿಲುಗಳ ನಡುವಿನ ಸಂದಿ ಮೇಲಿನಿಂದ ಕೆಳಗೆ ಒಂದೇ ಸಮ ಇದೆಯಾ ಅಂತ ನೋಡಲು ನಾಲ್ಕು ಕಾರ್ಡು ಒಟ್ಟಿಗೆ ಹಿಡಿದು ಜಾರಿಸುತ್ತೇನೆ. ನಾಲ್ಕು ಸೇರಿದರೆ 3 ಮಿ.ಮೀ. ಮೇಲೆ ಸಲೀಸಾಗಿ ಹೋಗಿ ಕೆಳಗೆ ಸಿಕ್ಕಿಕೊಂಡರೆ ಬಾಗಿಲು ವಾಲಿದೆ ಅಂತ ಅರ್ಥ, ಕೀಲು ಸರಿಮಾಡಬೇಕು. ಇದಕ್ಕೆ ಚಪ್ಪಟೆ ಕಾರ್ಡುಗಳೇ ಬೇಕು. ಸಂಖ್ಯೆಗಳು ಉಬ್ಬಿರುವ ಹಳೆಯ ಕಾರ್ಡು ಒಂದು ಸೇರಿದರೂ ದಪ್ಪ ಹೆಚ್ಚಾಗಿ ಲೆಕ್ಕ ಕೆಡುತ್ತದೆ.

ಅವಧಿ ಮುಗಿದ ಒಂದು ಕಾರ್ಡನ್ನು ಈಗ ಇದಕ್ಕೇ ಅಂತ ಇಟ್ಟಿದ್ದೇನೆ. ಚಿಪ್ಪನ್ನೂ ಹಿಂದಿನ ಕಪ್ಪು ಪಟ್ಟಿಯನ್ನೂ ಕೊಯ್ದು ಗೀಚಿ ಹಾಳುಮಾಡಿದ್ದೇನೆ, ಹೆಸರು, ಸಂಖ್ಯೆ ಉಜ್ಜಿ ತೆಗೆದಿದ್ದೇನೆ. ಅಂಚುಗಳನ್ನು ಮಾತ್ರ ಮುಟ್ಟಿಲ್ಲ. ಉದ್ದದ ಅಂಚಿನಲ್ಲಿ ಟೇಪು ನೋಡಿಕೊಂಡು 10 ಮಿ.ಮೀ.ಗೆ ಒಂದರಂತೆ ಸೂಜಿಯಿಂದ ಗೆರೆ ಕೊರೆದು, ಅದರ ಮೇಲೆ ಕಪ್ಪು ಶಾಯಿ ತಿಕ್ಕಿದೆ. ಕೊರೆದ ಗೆರೆಯಲ್ಲಿ ಶಾಯಿ ಉಳಿಯಿತು, ಉಳಿದದ್ದನ್ನು ಬಟ್ಟೆಯಿಂದ ಒರೆಸಿದೆ. ಈಗ ಏಳು ಹೆಜ್ಜೆ ಆದಮೇಲೆ ಉಳಿಯುವ ಚೂರನ್ನು ನೋಟು ಮಡಚಿ ತೂರಿಸದೆ ಅದರಲ್ಲೇ ಓದುತ್ತೇನೆ.