2323H ವಿಳಾಸದಲ್ಲಿ ಸಿಕ್ಕ 80H: ನನ್ನ 8085 ಬೋರ್ಡಿನ ಡಿಕೋಡರ್ ಕಥೆ

ನನ್ನ ಬೋರ್ಡಿನಲ್ಲಿದ್ದದ್ದು ಇಷ್ಟೇ: ಒಂದು 8085 ಪ್ರೊಸೆಸರ್, ಎಂಟು ಕಿಲೋಬೈಟಿನ ಇಪ್ರಾಮ್, ಅಷ್ಟೇ ದೊಡ್ಡ ರ‍್ಯಾಮ್, ರಿಲೇಗಳನ್ನು ನಡೆಸಲು ಒಂದು 8255 ಪೋರ್ಟ್ ಚಿಪ್. ವಿಳಾಸ ಹಂಚಲು ಎರಡು 74LS138 ಡಿಕೋಡರ್‌ಗಳು. ಮೊದಲನೆಯದಕ್ಕೆ A13, A14, A15 ಕೊಟ್ಟೆ. 64 ಕಿಲೋಬೈಟ್ ಎಂಟು ಸಮಭಾಗವಾಯಿತು. ಮೊದಲ ಭಾಗ ಇಪ್ರಾಮಿಗೆ, 2000H ನಿಂದ 3FFFH ವರೆಗಿನದು ರ‍್ಯಾಮಿಗೆ. ಎರಡನೆಯ ಡಿಕೋಡರ್ A5, A6, A7 ಗಳನ್ನು ನೋಡಿ 8255 ಅನ್ನು 20H ನೆಯ ಪೋರ್ಟಿನಲ್ಲಿ ಎಬ್ಬಿಸುತ್ತಿತ್ತು. ಅದರ G1 ಪಿನ್ನಿಗೆ IO/M ತಂತಿ ಹೋಗಿತ್ತು. ಈ ತಂತಿ ಮೇಲಿದ್ದರೆ ಪ್ರೊಸೆಸರ್ ಪೋರ್ಟಿನೊಂದಿಗೆ ಮಾತನಾಡುತ್ತಿದೆ ಎಂದರ್ಥ, ಕೆಳಗಿದ್ದರೆ ಮೆಮೊರಿಯೊಂದಿಗೆ.

ರಿಲೇಗಳು ಹೇಳಿದ ಹಾಗೆ ಕೇಳುತ್ತಿದ್ದವು. ಆದರೆ ರ‍್ಯಾಮಿನ 2020H ನಲ್ಲಿ ಇಟ್ಟಿದ್ದ ಎಣಿಕೆ ಮಾತ್ರ ಆಗಾಗ ಬದಲಾಗುತ್ತಿತ್ತು. ರ‍್ಯಾಮ್ ಚಿಪ್ ಬದಲಿಸಿದೆ, ಬೆಸುಗೆ ಮತ್ತೆ ಹಾಕಿದೆ, ಏನೂ ಆಗಲಿಲ್ಲ. ಕೊನೆಗೆ ಮಾನಿಟರ್ ಪ್ರೋಗ್ರಾಮಿನಿಂದ ರ‍್ಯಾಮನ್ನು ಬೈಟ್ ಬೈಟಾಗಿ ಓದಿದಾಗ, ನಾನು ಎಂದೂ ಮುಟ್ಟದ 2323H ನಲ್ಲಿ 80H ಕುಳಿತಿತ್ತು. ಆ ಸಂಖ್ಯೆಯನ್ನು ನೋಡಿದೊಡನೆ ಗುರುತು ಹಿಡಿದೆ. ಎಲ್ಲ ಪೋರ್ಟುಗಳನ್ನೂ ಔಟ್‌ಪುಟ್ ಮಾಡಲು 8255ಗೆ ನಾನೇ ಕಳಿಸಿದ್ದ ಕಂಟ್ರೋಲ್ ವರ್ಡ್ ಅದು, ಕಳಿಸಿದ್ದು 23H ಪೋರ್ಟಿಗೆ.

8085ರಲ್ಲಿ IN, OUT ನಡೆಯುವಾಗ ಎಂಟು ಬಿಟ್ಟಿನ ಪೋರ್ಟ್ ಸಂಖ್ಯೆ ಕೆಳಗಿನ ಎಂಟು ತಂತಿಗಳ ಮೇಲಷ್ಟೇ ಅಲ್ಲ, ಮೇಲಿನ ಎಂಟರ ಮೇಲೂ ಬರುತ್ತದೆ. `OUT 23H` ಎಂದರೆ ಬಸ್ಸಿನ ಮೇಲೆ 2323H. ಮೆಮೊರಿ ಡಿಕೋಡರನ್ನು ಸಕ್ರಿಯಗೊಳಿಸುವ ಪಿನ್ನುಗಳನ್ನೆಲ್ಲ ನಾನು ಐದು ವೋಲ್ಟಿಗೂ ನೆಲಕ್ಕೂ ಕಟ್ಟಿಬಿಟ್ಟಿದ್ದೆ. ಹಾಗಾಗಿ ಅದಕ್ಕೆ ಇದು ಪೋರ್ಟಿನ ಕೆಲಸ ಎಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಅದು ರ‍್ಯಾಮನ್ನೂ ಎಬ್ಬಿಸಿತು, WR ತಂತಿ ಇಬ್ಬರಿಗೂ ಒಂದೇ, ಬೈಟ್ ಎರಡೂ ಕಡೆ ಬರೆಯಲ್ಪಟ್ಟಿತು. 20H ಪೋರ್ಟಿಗೆ ಬರೆದಾಗಲೆಲ್ಲ 2020H ಅಳಿದುಹೋಗುತ್ತಿದ್ದುದೂ ಇದರಿಂದಲೇ. IN ಬಳಸಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು: ರ‍್ಯಾಮ್ ಮತ್ತು 8255 ಒಟ್ಟಿಗೆ ಡೇಟಾ ಬಸ್ಸನ್ನು ಎಳೆದಾಡುತ್ತಿದ್ದವು. ಮೆಮೊರಿ ಡಿಕೋಡರಿನ G2A ಪಿನ್ನನ್ನು ನೆಲದಿಂದ ಬಿಡಿಸಿ IO/M ಗೆ ಕಟ್ಟಿದೆ. ಆ ಪಿನ್ ಕೆಳಗಿದ್ದಾಗ ಮಾತ್ರ ಡಿಕೋಡರ್ ಕೆಲಸ ಮಾಡುತ್ತದೆ. ಒಂದೇ ತಂತಿಯಲ್ಲಿ ಕಾಟ ತಪ್ಪಿತು.

ಆಮೇಲೆ ಎಂಟು ಅಂಕಿಗಳ ಡಿಸ್‌ಪ್ಲೇ ಸೇರಿಸಿದೆ, ಅಂಕಿಗೊಂದು ಲ್ಯಾಚ್. 8085ರ OUT ಆದೇಶದಲ್ಲಿ ಪೋರ್ಟ್ ಸಂಖ್ಯೆ ಆದೇಶದ ಎರಡನೆಯ ಬೈಟಿನಲ್ಲೇ ಇರುತ್ತದೆ. ಯಾವುದೇ ರಿಜಿಸ್ಟರಿನಿಂದ ಅದನ್ನು ಕೊಡಲಾಗದು. ಪ್ರೋಗ್ರಾಂ ಇಪ್ರಾಮಿನಲ್ಲಿರುವುದರಿಂದ ಆ ಬೈಟನ್ನು ಓಡುವಾಗ ತಿದ್ದುವಂತೆಯೂ ಇಲ್ಲ. ಎಂದರೆ ಎಂಟು ಲ್ಯಾಚಿಗೆ ಎಂಟು ಪ್ರತ್ಯೇಕ OUT. ಹಾಗಾಗಿ ಲ್ಯಾಚುಗಳನ್ನು ಮೆಮೊರಿಯೊಳಗೇ, E000H ನಿಂದ ಕೂರಿಸಿದೆ. ಆಗ ಲೂಪ್ ಹೀಗೆ ಸಲೀಸಾಯಿತು:

```
      LXI  H,2800H
      LXI  D,0E000H
      MVI  B,8
NEXT: MOV  A,M
      STAX D
      INX  H
      INX  D
      DCR  B
      JNZ  NEXT
```

ಇದು ಇಷ್ಟು ಹಿಡಿಸಿತೆಂದರೆ 8255 ಅನ್ನೂ C000H ಗೆ ತಂದೆ. ಅದಕ್ಕೆ ಬೇಕಾದದ್ದು ನಾಲ್ಕು ವಿಳಾಸ, ನಾನು ಕೊಟ್ಟದ್ದು ಎಂಟು ಕಿಲೋಬೈಟಿನ ಇಡೀ ಭಾಗ. A0, A1 ಬಿಟ್ಟು ಉಳಿದ ಕೆಳ ತಂತಿಗಳನ್ನು ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಅದೇ ಚಿಪ್ ಆ ಭಾಗದಲ್ಲಿ 2048 ಸಲ ಕಾಣಿಸಿಕೊಳ್ಳುತ್ತಿತ್ತು. ಜಾಗ ಧಾರಾಳವಾಗಿದ್ದುದರಿಂದ ಚಿಂತಿಸಲಿಲ್ಲ.

ಒಂದು ದಿನ ರ‍್ಯಾಮ್ ಪರೀಕ್ಷೆಯ ಲೂಪ್ ಬರೆದೆ. 2000H ನಿಂದ ಸಾಲಾಗಿ 55H ತುಂಬುತ್ತಾ ಹೋಗಿ, H ರಿಜಿಸ್ಟರ್ 40H ಆದಾಗ ನಿಲ್ಲಬೇಕಿತ್ತು. ನಾನು 04H ಎಂದು ಒತ್ತಿಬಿಟ್ಟಿದ್ದೆ. ಲೂಪ್ ರ‍್ಯಾಮ್ ದಾಟಿ C000H ಗೂ ನುಗ್ಗಿತು, ಮೂರನೆಯ ರಿಲೇ ಟಪ್ಪನೆ ಎಳೆದುಕೊಂಡಿತು. C ಪೋರ್ಟಿಗೆ ಬಿದ್ದ 55H ನಲ್ಲಿ, ಸೊನ್ನೆಯಿಂದ ಎಣಿಸಿದರೆ, ಎರಡನೆಯ ಬಿಟ್ ಒಂದು. ಕಂಟ್ರೋಲ್ ರಿಜಿಸ್ಟರಿಗೆ ಬಿದ್ದ 55H ಗೂ ಅರ್ಥ ‘PC2 ಮೇಲೆತ್ತು’ ಎಂದೇ. ರಿಲೇ ಕಟ್ಟಿದ್ದದ್ದು ಅದೇ ಪಿನ್ನಿಗೆ. ಆ ಹೊತ್ತಿಗೆ ರಿಲೇಗೆ ಹೀಟರ್ ಜೋಡಿಸಿರಲಿಲ್ಲ.

ಅಂದೇ 8255 ಮರಳಿ 20H ಪೋರ್ಟಿಗೆ ಹೋಯಿತು. ಅಲ್ಲಿಗೆ OUT ಹೊರತು ಬೇರೆ ಯಾವ ಬರಹವೂ ತಲುಪದು, ದಾರಿ ತಪ್ಪಿದ ಪಾಯಿಂಟರ್ ಅಲ್ಲಿಗೆ ಹೋಗಲಾರದು. ಡಿಸ್‌ಪ್ಲೇ E000H ನಲ್ಲೇ ಉಳಿದಿದೆ. ಅಲ್ಲಿ ತಪ್ಪು ಬೈಟ್ ಬಿದ್ದರೆ ಒಂದು ತಪ್ಪು ಅಂಕಿ ಕಾಣಬಹುದು, ಅಷ್ಟೇ.